ಮೊಟ್ಟೆಯ ಮೇಲೆ DE, NL, PL: ಜರ್ಮನಿಯ ಅಂಗಡಿಯಲ್ಲಿ ಕೊಂಡ ಮೊಟ್ಟೆಯ ಮುದ್ರೆ ಓದುವ ಬಗೆ

ಜರ್ಮನಿಗೆ ಓದಲೋ ಕೆಲಸಕ್ಕೋ ಬಂದ ನಮ್ಮವರು ಮೊದಲ ವಾರ ಆಮ್ಲೆಟ್ ಮಾಡಲು ಮೊಟ್ಟೆ ತಂದಾಗ, ಚಿಪ್ಪಿನ ಮೇಲೆ ಕೆಂಪು ಶಾಯಿಯಲ್ಲಿ ಒತ್ತಿರುವ ಅಕ್ಷರ, ಅಂಕಿ ನೋಡಿ ಫೋಟೊ ತೆಗೆದು ಕೇಳುತ್ತಾರೆ: ಇದೇನು, ಬೆಲೆಯಾ, ಬ್ಯಾಚ್ ನಂಬರಾ, ತಿಂದರೆ ಪರವಾಗಿಲ್ಲವಾ? ನಾನು ನೆದರ್‌ಲ್ಯಾಂಡ್ಸ್ ಗಡಿಗೆ ಹತ್ತಿರದ ಊರಿನಲ್ಲಿ ಹಲವು ವರ್ಷದಿಂದ ಇದ್ದೇನೆ, ಇದೇ ಉತ್ತರವನ್ನು ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಈಗ ಬರೆದಿಟ್ಟುಬಿಡುತ್ತೇನೆ.

ಆ ಮುದ್ರೆಯಲ್ಲಿ ಏನೇನಿದೆ?

ಮೂರು ತುಂಡು. ಮೊದಲು ಒಂದೇ ಒಂದು ಅಂಕಿ, ಆಮೇಲೆ ಎರಡು ಅಕ್ಷರ, ಕೊನೆಗೆ ಉದ್ದನೆಯ ಒಂದು ಸಂಖ್ಯೆ. ನನ್ನ ಅಡುಗೆಮನೆಯಲ್ಲಿ ಈಗ ಇರುವ ಒಂದು ಮೊಟ್ಟೆಯ ಮೇಲೆ ಹೀಗಿದೆ (ಫಾರಂ ಯಾರದೆಂದು ಗೊತ್ತಾಗದಂತೆ ನಡುವಿನ ಅಂಕಿಗಳನ್ನು ಮರೆಸಿದ್ದೇನೆ):

```
1-DE-05xxxx2
```

ಮೊದಲ 1 ಕೋಳಿಯನ್ನು ಸಾಕಿದ ರೀತಿ. DE ಎಂದರೆ ಮೊಟ್ಟೆ ಇಟ್ಟ ದೇಶ, ಜರ್ಮನಿ. ಉಳಿದದ್ದು ಆ ದೇಶದೊಳಗೆ ಯಾವ ಫಾರಂ, ಆ ಫಾರಂನ ಯಾವ ಶೆಡ್ ಎಂಬ ಗುರುತು. ಕೆಲವು ಕಡೆ ನಡುವೆ ಗೆರೆ ಇರುತ್ತದೆ, ಕೆಲವು ಕಡೆ ಬರೀ ಜಾಗ ಬಿಟ್ಟಿರುತ್ತಾರೆ, ಇನ್ನು ಕೆಲವು ಕಡೆ ಎಲ್ಲ ಕೂಡಿಕೊಂಡೇ ಇರುತ್ತದೆ. ಓದುವ ಕ್ರಮ ಒಂದೇ. ಯುರೋಪಿಯನ್ ಒಕ್ಕೂಟದಲ್ಲಿ 2004ರ ಜನವರಿಯಿಂದ ಅಂಗಡಿಯಲ್ಲಿ ಮಾರುವ ಕೋಳಿಮೊಟ್ಟೆಗೆ ಇದು ಕಡ್ಡಾಯ.

ಎರಡು ಅಕ್ಷರ ದೇಶವೇ ಎನ್ನುವುದು ಖಚಿತವಾ? ಯಾವ ದೇಶ ಎಂದು ತಿಳಿಯುವುದು ಹೇಗೆ?

ಖಚಿತ. ಆದರೆ ಇಂಗ್ಲಿಷ್ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಎಡವುತ್ತೀರಿ. DE ಡೆನ್ಮಾರ್ಕ್ ಅಲ್ಲ, ಜರ್ಮನ್ನರು ತಮ್ಮ ದೇಶವನ್ನು ಕರೆಯುವ ಡಾಯ್ಚ್‌ಲಾಂಡ್, ಡೆನ್ಮಾರ್ಕ್ DK. ES ಎಂದರೆ ಎಸ್ಟೋನಿಯಾ ಅಲ್ಲ, ಎಸ್ಪಾನ್ಯಾ ಅಂದರೆ ಸ್ಪೇನ್, ಎಸ್ಟೋನಿಯಾ EE. AT ಆಸ್ಟ್ರಿಯಾ. NL ನೆದರ್‌ಲ್ಯಾಂಡ್ಸ್, PL ಪೋಲೆಂಡ್, BE ಬೆಲ್ಜಿಯಂ, FR ಫ್ರಾನ್ಸ್, IT ಇಟಲಿ. SE ಸ್ವೀಡನ್, SI ಸ್ಲೊವೇನಿಯಾ, SK ಸ್ಲೊವಾಕಿಯಾ. ಈ ಮೂರರಲ್ಲಿ ಶಾಯಿ ಸ್ವಲ್ಪ ಹರಡಿದ್ದರೆ ಕನ್ನಡಕ ಹಾಕಿಕೊಂಡೇ ನೋಡಬೇಕು.

ಲಂಡನ್ ಕಡೆ ಇರುವವರಿಗೆ ಒಂದು ಮಾತು. ಬ್ರಿಟನ್ನಿನ ಮೊಟ್ಟೆಯ ಮೇಲೆ GB ಹುಡುಕಬೇಡಿ, ಅಲ್ಲಿ UK ಎಂದೇ ಒತ್ತುತ್ತಾರೆ. ಅದನ್ನು UA ಜೊತೆ ಕಲಸಿಕೊಳ್ಳಬೇಡಿ, UA ಉಕ್ರೇನ್.

ಡಬ್ಬಿಯ ಮೇಲೆ DE ಇತ್ತು, ಒಳಗಿನ ಮೊಟ್ಟೆಯ ಮೇಲೆ NL ಇದೆ. ಮೋಸವಾ?

ಅತಿ ಹೆಚ್ಚು ಜನ ಕೇಳುವುದು ಇದನ್ನೇ, ನಾನೂ ಮೊದಲು ಸಿಟ್ಟಾಗಿದ್ದು ಇದಕ್ಕೇ. ಹತ್ತು ಮೊಟ್ಟೆಯ ಒಂದು ರಟ್ಟಿನ ಡಬ್ಬಿ ತಂದಿದ್ದೆ. ಮೇಲೆ ಹಸಿರು ಹುಲ್ಲುಗಾವಲಿನ ಚಿತ್ರ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ DE ಎಂದು ಶುರುವಾಗುವ ಸಂಖ್ಯೆ. ಅದನ್ನು ನೋಡಿ ಇಲ್ಲಿಯದೇ ಮೊಟ್ಟೆ ಎಂದುಕೊಂಡೆ. ಮನೆಗೆ ಬಂದು ಒಂದನ್ನು ಎತ್ತಿ ತಿರುಗಿಸಿದರೆ ಹೀಗಿತ್ತು:

```
2-NL-4xxxx03
```

ಮತ್ತೊಂದು ಎತ್ತಿದೆ, ಅದೂ NL. ಹತ್ತೂ NL. ಮರುದಿನ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಹೋಗಿ ಜಗಳಕ್ಕೇ ನಿಂತೆ. ಅಲ್ಲಿದ್ದ ಹೆಂಗಸು ಸಮಾಧಾನವಾಗಿ ಡಬ್ಬಿಯ ಆ ಸಂಖ್ಯೆಯ ಮೇಲೆ ಬೆರಳಿಟ್ಟು ‘ಪಾಕ್‌ಷ್ಟೆಲ್ಲೆ’ ಎಂದಳು. ಪ್ಯಾಕಿಂಗ್ ಕೇಂದ್ರ. ಮೊಟ್ಟೆಯನ್ನು ತೂಕಕ್ಕೆ ತಕ್ಕಂತೆ ವಿಂಗಡಿಸಿ, ಬೆಳಕಿಗೆ ಹಿಡಿದು ನೋಡಿ, ಡಬ್ಬಿಗೆ ತುಂಬಿದ ಜಾಗ ಅದು. ಆ ಕೆಲಸ ಜರ್ಮನಿಯಲ್ಲಿ ನಡೆದಿತ್ತು, ಆದ್ದರಿಂದ ಡಬ್ಬಿಗೆ DE. ಕೋಳಿ ಮೊಟ್ಟೆ ಇಟ್ಟದ್ದು ಗಡಿಯಾಚೆ, ಆದ್ದರಿಂದ ಚಿಪ್ಪಿಗೆ NL. ಎರಡೂ ನಿಜ, ಎರಡೂ ಕಾನೂನಿನ ಪ್ರಕಾರವೇ. ಜರ್ಮನಿ ತನಗೆ ಬೇಕಾದಷ್ಟು ಮೊಟ್ಟೆಯನ್ನು ತಾನೇ ಬೆಳೆಯುವುದಿಲ್ಲ. ಹೊರಗಿನಿಂದ ತರಿಸುವುದರಲ್ಲಿ ದೊಡ್ಡ ಪಾಲು ನೆದರ್‌ಲ್ಯಾಂಡ್ಸಿನದೇ.

ಇವೆರಡನ್ನು ಬೇರೆ ಮಾಡಿ ಗುರುತಿಸಲು ಸುಲಭದ ಉಪಾಯವಿದೆ. ಮೊಟ್ಟೆಯ ಮುದ್ರೆ ಸಾಕಿದ ರೀತಿ ಹೇಳುವ ಅಂಕಿಯಿಂದ ಶುರುವಾಗುತ್ತದೆ: 0, 1, 2, ಇಲ್ಲವೇ 3. ಪ್ಯಾಕಿಂಗ್ ಕೇಂದ್ರದ ಸಂಖ್ಯೆ ಸೀದಾ ದೇಶದ ಅಕ್ಷರದಿಂದ ಶುರುವಾಗುತ್ತದೆ, ಮುಂದೆ ಆ ಅಂಕಿ ಇರುವುದಿಲ್ಲ. ಪ್ಯಾಕ್ ಮಾಡುವವನು ಕೋಳಿ ಸಾಕುವುದಿಲ್ಲವಲ್ಲ! ಹಾಗಾಗಿ ದೇಶ ತಿಳಿಯಬೇಕೆಂದರೆ ಅಂಗಡಿಯಲ್ಲೇ ಡಬ್ಬಿಯ ಮುಚ್ಚಳ ತೆಗೆದು ಚಿಪ್ಪು ನೋಡಿ. ಮುಚ್ಚಳ ತೆಗೆದರೆ ಇಲ್ಲಿ ಯಾರೂ ಗದರಿಸುವುದಿಲ್ಲ, ಒಡೆದಿದೆಯೇ ಎಂದು ಎಲ್ಲರೂ ತೆಗೆದು ನೋಡಿಯೇ ಒಯ್ಯುತ್ತಾರೆ.

ದೇಶದ ನಂತರದ ಉದ್ದ ಸಂಖ್ಯೆಯಿಂದ ಊರು ಗೊತ್ತಾಗುತ್ತದಾ?

ಜರ್ಮನಿಯ ಮೊಟ್ಟೆಯಾದರೆ ರಾಜ್ಯ ಗೊತ್ತಾಗುತ್ತದೆ. DE ಆದಮೇಲೆ ಏಳು ಅಂಕಿ: ಮೊದಲ ಎರಡು ರಾಜ್ಯ, ಮುಂದಿನ ನಾಲ್ಕು ಫಾರಂ, ಕೊನೆಯದು ಶೆಡ್. 05 ಎಂದರೆ ನೋರ್ಡ್‌ರೈನ್-ವೆಸ್ಟ್‌ಫಾಲನ್, ಅಂದರೆ ಡ್ಯುಸೆಲ್‌ಡಾರ್ಫ್, ಕೊಲೋನ್ ಇರುವ ರಾಜ್ಯ. 03 ನೀಡರ್‌ಝಾಕ್ಸನ್, ಇಲ್ಲಿನ ಅಂಗಡಿಗಳಲ್ಲಿ ಈ ಸಂಖ್ಯೆ ಪದೇ ಪದೇ ಸಿಗುತ್ತದೆ, ಏಕೆಂದರೆ ಕೋಳಿ ಸಾಕಣೆ ಅಲ್ಲಿ ದಟ್ಟವಾಗಿದೆ. 06 ಹೆಸ್ಸನ್, 08 ಬಾಡನ್-ವುರ್ಟೆಂಬರ್ಗ್, 09 ಬವೇರಿಯಾ, 11 ಬರ್ಲಿನ್. ಮೇಲಿನ ನನ್ನ ಮೊಟ್ಟೆ 05, ಕೊನೆಯಲ್ಲಿ 2. ಹಾಗಾಗಿ ನಮ್ಮದೇ ರಾಜ್ಯದ ಒಂದು ಫಾರಂನ ಎರಡನೇ ಶೆಡ್ಡಿನದು.

ಡಚ್ಚರ ಲೆಕ್ಕ ಬೇರೆ. NL ಆದಮೇಲಿನ ಏಳರಲ್ಲಿ ಮೊದಲ ಐದು ಫಾರಂ, ಕೊನೆಯ ಎರಡು ಶೆಡ್. ಅಲ್ಲಿ ಮೊದಲ ಎರಡಂಕಿ ರಾಜ್ಯವಲ್ಲ. ‘03 ಇದೆ, ಹಾಗಾದರೆ ನೀಡರ್‌ಝಾಕ್ಸನ್’ ಎಂಬ ಲೆಕ್ಕವನ್ನು DE ಇಲ್ಲದ ಮೊಟ್ಟೆಗೆ ಹಚ್ಚಬೇಡಿ. ಎರಡು ಅಕ್ಷರ ಓದಿದ ಮೇಲಷ್ಟೇ ಉಳಿದ ಸಂಖ್ಯೆಯನ್ನು ಯಾವ ದೇಶದ ಪದ್ಧತಿಯಲ್ಲಿ ಓದಬೇಕು ಎಂಬುದು ತೀರ್ಮಾನವಾಗುತ್ತದೆ.

ಫಾರಂನ ಹೆಸರೇ ಬೇಕೆಂದರೆ `was-steht-auf-dem-ei.de` ಎಂಬ ತಾಣದಲ್ಲಿ ಮುದ್ರೆಯನ್ನು ಹಾಗೆಯೇ ತುಂಬಿ ನೋಡಿ. ಅದನ್ನು ನಡೆಸುವುದು KAT ಎಂಬ ಸಂಘ. ಅದರ ತಪಾಸಣೆಗೆ ಒಳಪಟ್ಟ ಫಾರಂಗಳ ವಿವರ ಮಾತ್ರ ಅಲ್ಲಿ ಸಿಗುತ್ತದೆ. ಹಳ್ಳಿಯ ಸಣ್ಣ ಫಾರಂ ಸಿಗದಿದ್ದರೆ ಮುದ್ರೆ ಸುಳ್ಳು ಎಂದರ್ಥವಲ್ಲ.

ಸಂಖ್ಯೆ ಇಷ್ಟು ವಿವರವಾಗಿ ಬೇಕೇ? ದೇಶ ಗೊತ್ತಾದರೆ ಸಾಲದೇ?

2017ರ ಬೇಸಿಗೆಯಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಕೋಳಿಗೂಡಿನ ಕೆಂಪು ಹೇನು ಹೋಗಲೆಂದು ಬಳಸಿದ ಔಷಧಿಯಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಬೆರೆತಿತ್ತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಬಳಸುವಂತಿಲ್ಲ. ಅದು ಕೋಳಿಯ ಮೈಗೆ ಹೋಗಿ, ಅಲ್ಲಿಂದ ಮೊಟ್ಟೆಗೂ ಬಂತು. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಫಾರಂಗಳಲ್ಲಿ ಶುರುವಾದ ಸುದ್ದಿ ಜರ್ಮನಿಗೂ ಹಬ್ಬಿತು, ದೊಡ್ಡ ಅಂಗಡಿಗಳ ಮೊಟ್ಟೆಯ ಕಪಾಟುಗಳು ಖಾಲಿಯಾದವು.

ಆಗ ಡಚ್ ಅಧಿಕಾರಿಗಳು ತಿನ್ನಲೇಬಾರದು ಎಂದು ಎಚ್ಚರಿಸಿದ ಸಂಖ್ಯೆ ಹೀಗಿತ್ತು:

```
X-NL-40155XX
```

ಈಗ ಇದನ್ನು ನೀವೇ ಓದಬಲ್ಲಿರಿ. ಮೊದಲ X ಎಂದರೆ ಸಾಕಿದ ರೀತಿ ಯಾವುದಾದರೂ ಸರಿ. NL ದೇಶ. 40155 ಫಾರಂ. ಕೊನೆಯ XX ಎಂದರೆ ಆ ಫಾರಂನ ಯಾವ ಶೆಡ್ ಆದರೂ ಸರಿ. ಅಂದರೆ NL ಎಂದಿರುವ ಮೊಟ್ಟೆಯನ್ನೆಲ್ಲ ಬಿಸಾಡಿ ಎಂದು ಯಾರೂ ಹೇಳಿರಲಿಲ್ಲ, ಅದರೊಳಗಿನ ಒಂದು ಫಾರಂನ ಮೊಟ್ಟೆಯನ್ನು ಹೇಳಿದ್ದರು. ಬರಬರುತ್ತಾ ಪಟ್ಟಿಗೆ ಬೇರೆ ಸಂಖ್ಯೆಗಳು ಸೇರಿದವು. ಆ ದಿನಗಳಲ್ಲಿ ಪಟ್ಟಿಯನ್ನು ಓದದೆ, NL ಕಂಡ ಕೂಡಲೇ ಕಸದ ಬುಟ್ಟಿಗೆ ಹಾಕಿದವರನ್ನು ನಾನು ಬಲ್ಲೆ. DE ಇದೆ ಎಂದು ನಿಶ್ಚಿಂತೆಯಿಂದ ತಿಂದವರೂ ಇದ್ದರು, ಪಟ್ಟಿಯಲ್ಲಿ ಜರ್ಮನಿಯ ಮೊಟ್ಟೆಯ ಸಂಖ್ಯೆಯೂ ಇತ್ತು! ಮೊಟ್ಟೆ ಎಲ್ಲಿಯದು ಎಂದು ದೇಶದ ಅಕ್ಷರ ಹೇಳುತ್ತದೆ, ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ.

ಮೊದಲ ಅಂಕಿ 0, 1, 2, 3 ಬಗ್ಗೆ ಚಿಕ್ಕದಾಗಿ ಹೇಳಿ.

0 ಸಾವಯವ. 1 ಹೊರಗೆ ಬಯಲಿಗೆ ಬಿಡುವ ಕೋಳಿ. ಒಂದು ಕೋಳಿಗೆ ಹೊರಗಡೆ 4 ಚದರ ಮೀಟರ್ ಜಾಗ ಇರಬೇಕು, 0ಗೂ ಇಷ್ಟೇ. 2 ಎಂದರೆ ಪಂಜರವಿಲ್ಲದ ದೊಡ್ಡ ಶೆಡ್, ಆದರೆ ಹೊರಗೆ ಹೋಗುವಂತಿಲ್ಲ. ಚದರ ಮೀಟರಿಗೆ ಒಂಬತ್ತು ಕೋಳಿಯವರೆಗೆ ಇಡಬಹುದು. 3 ಪಂಜರ. ಹಳೆಯ ಬರಿಯ ತಂತಿಪಂಜರ ಒಕ್ಕೂಟದಲ್ಲಿ 2012ರಿಂದ ನಿಷಿದ್ಧ. ಈಗಿನ ಸುಧಾರಿತ ಪಂಜರದಲ್ಲಿ ಕೋಳಿಗೊಂದಕ್ಕೆ ಕನಿಷ್ಠ 750 ಚದರ ಸೆಂಟಿಮೀಟರ್, ಅಂದರೆ A4 ಹಾಳೆಗಿಂತ ಸ್ವಲ್ಪ ದೊಡ್ಡ ಜಾಗ. ಜರ್ಮನಿಯ ಅಂಗಡಿಯ ಕಪಾಟಿನಲ್ಲಿ 3 ಸಿಗುವುದು ಅಪರೂಪ.

1 ಎಂದಿದ್ದರೂ ಕೋಳಿ ಕೆಲವು ತಿಂಗಳು ಒಳಗೇ ಇದ್ದಿರಬಹುದು. ಕೋಳಿಜ್ವರ ಹಬ್ಬಿದಾಗ ಸರ್ಕಾರವೇ ಕೋಳಿಗಳನ್ನು ಹೊರಗೆ ಬಿಡಬೇಡಿ ಎಂದು ಆಜ್ಞೆ ಮಾಡುತ್ತದೆ. ಮೊದಲು 16 ವಾರ ಮೀರಿದರೆ 1 ಎಂದು ಮಾರುವಂತಿರಲಿಲ್ಲ, 2023ರ ನವೆಂಬರಿನಲ್ಲಿ ಬಂದ ನಿಯಮದಲ್ಲಿ ಆ ಮಿತಿ ತೆಗೆದರು.

1 ಎಂದರೆ ನಮ್ಮ ನಾಟಿ ಕೋಳಿ ಮೊಟ್ಟೆಯಾ? ಕಂದು ಬಣ್ಣ ಇದೆಯಲ್ಲ!

ಅಲ್ಲ. ಅಮ್ಮ ವಿಡಿಯೋ ಕಾಲ್‌ನಲ್ಲಿ ನನ್ನ ಕಂದು ಮೊಟ್ಟೆ ನೋಡಿ ‘ಅಲ್ಲಿ ನಾಟಿ ಮೊಟ್ಟೆ ಇಷ್ಟು ದೊಡ್ಡದಿರುತ್ತಾ’ ಎಂದು ಕೇಳಿದ್ದರು. ಊರಲ್ಲಿ ಬಿಳಿ ಎಂದರೆ ಫಾರಂ, ಕಂದು ಎಂದರೆ ನಾಟಿ ಎಂಬ ಲೆಕ್ಕ. ಇಲ್ಲಿ ಅದು ನಡೆಯುವುದಿಲ್ಲ. ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ. 2ರ ಶೆಡ್ಡಿನಲ್ಲೂ ಕಂದು ಮೊಟ್ಟೆ ಸಿಗುತ್ತದೆ, 0ರಲ್ಲೂ ಬಿಳಿ ಸಿಗುತ್ತದೆ. 1ರ ಕೋಳಿಯೂ ಹೆಚ್ಚು ಮೊಟ್ಟೆ ಇಡಲೆಂದೇ ಬೆಳೆಸಿದ ತಳಿ, ಸಾವಿರಾರು ಕೋಳಿಗಳ ಹಿಂಡಿನಲ್ಲಿ ಇರುವಂಥದ್ದು. ತಿಪ್ಪೆ ಕೆದಕಿಕೊಂಡು ಹಿತ್ತಲಲ್ಲಿ ತಿರುಗುವ ಕೋಳಿಯ ಚಿತ್ರವನ್ನು ಆ ಅಂಕಿಯ ಪಕ್ಕ ಬರೆದುಕೊಳ್ಳಬೇಡಿ.

ಮೊಟ್ಟೆ ಯಾವತ್ತು ಇಟ್ಟದ್ದು ಎಂದು ಮುದ್ರೆಯಿಂದ ಗೊತ್ತಾಗುತ್ತದಾ?

ಆ ಸಂಖ್ಯೆಯಲ್ಲಿ ದಿನಾಂಕ ಇಲ್ಲ. ಡಬ್ಬಿಯ ಮೇಲಿನ ‘ಇಂಥ ದಿನದವರೆಗೆ ಚೆನ್ನಾಗಿರುತ್ತದೆ’ ಎಂಬ ದಿನಾಂಕವನ್ನು ಹಿಡಿದು ಲೆಕ್ಕ ಹಾಕಬೇಕು. ಮೊಟ್ಟೆ ಇಟ್ಟ ದಿನದಿಂದ ಹೆಚ್ಚೆಂದರೆ 28 ದಿನದ ಗಡುವು ಹಾಕಬಹುದು. ಡಬ್ಬಿಯ ಮೇಲೆ ಮೇ 28 ಇದ್ದರೆ ಹಿಂದಕ್ಕೆ 28 ದಿನ ಎಣಿಸಿ, ಏಪ್ರಿಲ್ 30 ಬರುತ್ತದೆ. ಅಂದರೆ ಆ ಮೊಟ್ಟೆ ಏಪ್ರಿಲ್ 30ಕ್ಕಿಂತ ಹಳೆಯದಲ್ಲ. ಪ್ಯಾಕ್ ಮಾಡಿದವರು 28ಕ್ಕಿಂತ ಕಡಿಮೆ ಗಡುವು ಹಾಕಿದ್ದರೆ ಇನ್ನೂ ಹೊಸದಿರುತ್ತದೆ. ಕೆಲವರು ಮೊಟ್ಟೆ ಇಟ್ಟ ದಿನಾಂಕವನ್ನೇ ನೇರವಾಗಿ ಹಾಕುತ್ತಾರೆ, ಆಗ ಎಣಿಸುವ ತಾಪತ್ರಯವಿಲ್ಲ.

ಮುದ್ರೆಯ ಕೆಳಗೆ ಇನ್ನೊಂದು ದಿನಾಂಕ ಚಿಪ್ಪಿನ ಮೇಲೇ ಇದ್ದರೆ ಅದು ಈ ಮೂರು ತುಂಡಿನ ಭಾಗವಲ್ಲ, ಹೆಚ್ಚುವರಿಯಾಗಿ ಹಾಕಿದ್ದು.

ಮುದ್ರೆ ಅರ್ಧ ಅಳಿಸಿದೆ, ಅಕ್ಷರ ಕಾಣುತ್ತಿಲ್ಲ. ಹಿಂದಿರುಗಿಸಲೇ?

ಒಂದೆರಡು ಮೊಟ್ಟೆಯಾದರೆ ಬಿಡಿ. ಶಾಯಿ ಒಣಗುವ ಮೊದಲೇ ಯಂತ್ರದ ಬೆಲ್ಟಿನ ಮೇಲೆ ಉರುಳಿದ ಮೊಟ್ಟೆಯಲ್ಲಿ D ಯಾವುದು, P ಯಾವುದು ತಿಳಿಯುವುದಿಲ್ಲ. ತಪಾಸಣೆಯಲ್ಲಿ 20 ಶೇಕಡಾ ಮೊಟ್ಟೆಗಳ ಗುರುತು ಓದಲಾಗದಿದ್ದರೂ ಒಪ್ಪುತ್ತಾರೆ, ಅಂದರೆ ಹತ್ತರ ಡಬ್ಬಿಯಲ್ಲಿ ಎರಡು. ಪಕ್ಕದ ಮೊಟ್ಟೆ ನೋಡಿಕೊಳ್ಳಿ. ಆದರೆ ಪಕ್ಕದ್ದರ ಮುದ್ರೆಯೇ ಇದರದೂ ಎಂದು ಆಣೆ ಮಾಡಲಾಗದು. ಒಂದೇ ಡಬ್ಬಿಯಲ್ಲಿ ಬೇರೆ ಬೇರೆ ಶೆಡ್ಡಿನ, ಕೆಲವೊಮ್ಮೆ ಬೇರೆ ಫಾರಂನ ಮೊಟ್ಟೆ ಸೇರಿರುತ್ತವೆ. ಎಚ್ಚರಿಕೆಯ ಪಟ್ಟಿ ಬಂದಾಗ ಪ್ರತಿಯೊಂದನ್ನೂ ತಿರುಗಿಸಿ ನೋಡಬೇಕಾದದ್ದು ಅದಕ್ಕೇ.

ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೊಟ್ಟೆಗೆ ಮುದ್ರೆಯೇ ಇಲ್ಲವೆಂದರೆ ಮಾತ್ರ ಅಂಗಡಿಯವರಿಗೆ ತೋರಿಸಿ.

ಸಂತೆಯಲ್ಲಿ ಕೊಂಡ ಮೊಟ್ಟೆಗೆ ಮುದ್ರೆಯೇ ಇರಲಿಲ್ಲ. ಕಳ್ಳಮಾಲೇ?

ಇರಬೇಕಾಗಿಲ್ಲ. ರೈತ ತನ್ನ ಫಾರಂ ಬಾಗಿಲಲ್ಲೇ ತನ್ನ ಕೋಳಿಯ ಮೊಟ್ಟೆಯನ್ನು ತಿನ್ನುವವರಿಗೇ ಮಾರಿದರೆ ಮುದ್ರೆ ಬೇಡ. ವಾರದ ಸಂತೆಗೆ ತಂದರೆ ಬೇಕು. ಆದರೆ 50 ಕೋಳಿಯವರೆಗೆ ಸಾಕುವವನಿಗೆ, ಮಾರುವ ಜಾಗದಲ್ಲಿ ತನ್ನ ಹೆಸರು ವಿಳಾಸ ತೋರಿಸಿದರೆ, ರಿಯಾಯಿತಿ ಇದೆ. ಹಾಗಾಗಿ ಮುದ್ರೆಯಿಲ್ಲದ ಮೊಟ್ಟೆ ಕಂಡರೆ ಮೇಜಿನ ಮೇಲೆ ಹೆಸರು ಬರೆದ ಫಲಕ ಇದೆಯೇ ಎಂದು ನೋಡಿ. ಅದೂ ಇಲ್ಲ, ಮೊಟ್ಟೆ ಬುಟ್ಟಿಗಟ್ಟಲೆ ಇದೆ ಎಂದರೆ ನಾನಂತೂ ಕೊಳ್ಳುವುದಿಲ್ಲ.

ಈಸ್ಟರ್ ಸಮಯದಲ್ಲಿ ಬಣ್ಣ ಬಳಿದು ಬೇಯಿಸಿದ ಮೊಟ್ಟೆ ಸಿಗುತ್ತದಲ್ಲ, ಅದಕ್ಕೂ ಮುದ್ರೆ ಕಡ್ಡಾಯವಲ್ಲ. ಕೇಕು, ನೂಡಲ್ಸ್, ಮಯೊನೇಸ್‌ಗೆ ಹೋದ ಮೊಟ್ಟೆಯ ದೇಶ ಕೇಳಲೇಬೇಡಿ, ಚಿಪ್ಪು ಒಡೆದಲ್ಲೇ ಆ ಗುರುತು ಹೋಗಿರುತ್ತದೆ.

ಒಕ್ಕೂಟದ ಹೊರಗಿನ ದೇಶದ ಮೊಟ್ಟೆಗೆ ಹೇಗಿರುತ್ತದೆ?

ಅದರ ಮೇಲೂ ದೇಶದ ಅಕ್ಷರ ಇರಬೇಕು, ಅದನ್ನು ಹೊರಟ ದೇಶದಲ್ಲೇ ಒತ್ತಿರಬೇಕು. ಆದರೆ ಅಲ್ಲಿಯ ಸಾಕಣೆಯ ನಿಯಮ ಇಲ್ಲಿಯದಕ್ಕೆ ಸಮ ಎಂಬ ಖಾತರಿ ಇಲ್ಲದಿದ್ದರೆ 0, 1, 2, 3ರ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಆಗ ಡಬ್ಬಿಯ ಮೇಲೆ ಇದು ಒಕ್ಕೂಟದ ಮಟ್ಟದ್ದಲ್ಲ ಎಂಬ ಅರ್ಥದ ಮಾತು ಬರೆಯಬೇಕು. ದೇಶದ ಅಕ್ಷರ ಇದೆ, ಮುಂದಿನ ಅಂಕಿ ಇಲ್ಲ ಎಂದರೆ ಡಬ್ಬಿಯ ಸಣ್ಣಕ್ಷರ ಓದಿ.

ದೇಶದ ಅಕ್ಷರ ಏನನ್ನು ಹೇಳುವುದಿಲ್ಲ?

ಮೊಟ್ಟೆ ಇಟ್ಟ ಜಾಗ ಬಿಟ್ಟು ಬೇರೇನನ್ನೂ ಹೇಳುವುದಿಲ್ಲ. ಕೋಳಿ ಮರಿಯಾಗಿ ಹುಟ್ಟಿದ್ದು ಬೇರೆ ದೇಶದಲ್ಲಿರಬಹುದು. ಮೊಟ್ಟೆ ಇಡುವ ವಯಸ್ಸಿಗೆ ಬರುವ ಹೊತ್ತಿಗೆ ಗಡಿ ದಾಟಿ ಬಂದಿದ್ದರೂ ಆಮೇಲೆ ಇಟ್ಟದ್ದೆಲ್ಲ ಇಟ್ಟ ದೇಶದ ಲೆಕ್ಕಕ್ಕೆ. ಅದು ತಿಂದ ಸೋಯಾ ಎಲ್ಲಿಯದು ಎಂಬುದೂ ಅದರಲ್ಲಿ ಇಲ್ಲ. ಜರ್ಮನಿಯಲ್ಲಿ 2022ರ ಜನವರಿಯಿಂದ ಗಂಡುಮರಿಗಳನ್ನು ಹುಟ್ಟಿದ ಕೂಡಲೇ ಕೊಲ್ಲುವಂತಿಲ್ಲ. ಅದನ್ನು ಓದಿದ ಗೆಳೆಯನೊಬ್ಬ DE ಇದ್ದರೆ ಸಾಕು ಎಂದು ನೆಮ್ಮದಿಯಿಂದಿದ್ದ. ಆದರೆ ಕಾನೂನು ಇಲ್ಲಿ ಮರಿ ಮಾಡಿಸುವವರಿಗೆ. ಬೇರೆ ದೇಶದಲ್ಲಿ ಹುಟ್ಟಿ ಇಲ್ಲಿಗೆ ಬಂದ ಕೋಳಿಯ ಮೊಟ್ಟೆಗೂ DE ಎಂದೇ ಒತ್ತುತ್ತಾರೆ. ಆ ವಿಷಯ ಬೇಕಾದವರು ಡಬ್ಬಿಯ ಮೇಲಿನ ಬರಹವನ್ನೇ ಹುಡುಕಬೇಕು.

ಈ ಮುದ್ರೆ ಒತ್ತುವವರು ಯಾರು? ದಾರಿಯಲ್ಲಿ ಬದಲಾಯಿಸಲು ಆಗದೇ?

ಮೊದಲು ಫಾರಂನಲ್ಲೋ ಪ್ಯಾಕಿಂಗ್ ಕೇಂದ್ರದಲ್ಲೋ ಒತ್ತಬಹುದಿತ್ತು. ಮುದ್ರೆಯಿಲ್ಲದ ಮೊಟ್ಟೆ ಫಾರಂನಿಂದ ಲಾರಿ ಹತ್ತಿದರೆ ದಾರಿಯಲ್ಲಿ 2 ಹೋಗಿ 1 ಆಗುವ ಆಸೆಗೆ ಅವಕಾಶ ಇರುತ್ತದೆ. 2024ರ ನವೆಂಬರ್ 8ರಿಂದ ಮೊಟ್ಟೆ ಇಟ್ಟ ಫಾರಂನಲ್ಲೇ ಒತ್ತಬೇಕು ಎಂಬುದು ಒಕ್ಕೂಟದ ಮೂಲ ನಿಯಮ. ದೇಶಗಳು ತಮ್ಮೊಳಗೆ ಕೆಲವು ವಿನಾಯಿತಿ ಕೊಡಬಹುದು.

ಬೇಯಿಸಿದಾಗ ಶಾಯಿ ಒಳಗಿನ ಬಿಳಿಭಾಗಕ್ಕೆ ಇಳಿದಿದೆ. ತಿನ್ನಬಹುದಾ?

ತಿನ್ನಿ. ಆಹಾರಕ್ಕೆ ಒಪ್ಪಿದ ಬಣ್ಣವನ್ನೇ ಬಳಸಬೇಕು. ಸುಲಿದ ಮೊಟ್ಟೆಯ ಮೇಲೆ ತಿಳಿಗೆಂಪಾಗಿ ತಲೆಕೆಳಗಾದ NL ಕಂಡರೆ ನಮ್ಮ ಮನೆಯಲ್ಲಿ ಮಕ್ಕಳು ಅದನ್ನೇ ಮೊದಲು ಆರಿಸಿಕೊಳ್ಳುತ್ತಾರೆ.